ರೈಲು ವಡೆ ತರಲು ಇಳಿಯಬಾರದು: ಗೆಳೆಯನ ಮದುವೆಯ ಮಾತನ್ನು ತಿದ್ದುವುದು ಹೇಗೆ

ನಾನು ಮಂಡ್ಯದಲ್ಲಿ ಲಗ್ನಪತ್ರಿಕೆಗಳ ಕರಡು ತಿದ್ದುವವನು. ಪತ್ರಿಕೆ ಮಾಡಿಸಲು ಬಂದ ಹುಡುಗರು ಈಚೆಗೆ ಇನ್ನೊಂದು ಹಾಳೆಯನ್ನೂ ತರುತ್ತಾರೆ. "ಅಣ್ಣ, ಆರತಕ್ಷತೆ ದಿನ ಸ್ಟೇಜ್ ಮೇಲೆ ಎರಡು ಮಾತು ಆಡಬೇಕು. ಸ್ವಲ್ಪ ನೋಡಿಕೊಡಿ. ಕಾಮಿಡಿ ಮಾತ್ರ ತೆಗೀಬೇಡಿ."

ಕಳೆದ ಸಲ ಬಂದವನನ್ನು ರಘು ಅನ್ನೋಣ. ಮದುಮಗ ಅವನ ಬಾಲ್ಯದ ಗೆಳೆಯ ಮಂಜುನಾಥ, ಮದುಮಗಳು ಸಹನಾ. ರಘು ಬಂದವನೇ "ಟೋಸ್ಟ್ ಹೇಳಬೇಕು ಅಣ್ಣ" ಅಂದ. ಪಕ್ಕದಲ್ಲಿ ಪತ್ರಿಕೆಗೆ ಕಾಯುತ್ತಿದ್ದ ಹಿರಿಯರೊಬ್ಬರು "ಬೇಕರಿ ಟೋಸ್ಟಾ?" ಅಂತ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಮಸಾಲೆ ಹಾಕಿ ಸುಟ್ಟ ಬ್ರೆಡ್ಡಿನ ತುಂಡನ್ನು ವೈನಿನೊಳಗೆ ಬಿಡುತ್ತಿದ್ದರು. ಆ ಬ್ರೆಡ್ಡಿನ ಹೆಸರೇ ಲೋಟ ಎತ್ತಿ ಹಾರೈಸುವುದಕ್ಕೂ ಬಂತು. ನಮ್ಮ ಕಲ್ಯಾಣ ಮಂಟಪದಲ್ಲಿ ಲೋಟ ಎತ್ತುವುದಿಲ್ಲ. ಆರ್ಕೆಸ್ಟ್ರಾದ ಎರಡು ಹಾಡುಗಳ ನಡುವೆ ಮೈಕ್ ಕೈಗೆ ಬರುತ್ತದೆ, ಅಷ್ಟೆ.

ರಘು ತಂದ ಹಾಳೆಯನ್ನೇ ಇಟ್ಟುಕೊಂಡು ನಾನು ತಿದ್ದುವ ರೀತಿಯನ್ನು ಹೇಳುತ್ತೇನೆ.

ಮೊದಲು ಗಡಿಯಾರ, ಆಮೇಲೆ ಪೆನ್ನು

ಹಾಳೆ ಕೈಗೆ ಬಂದ ಕೂಡಲೇ ತಪ್ಪು ಹುಡುಕಲು ಹೋಗಬೇಡಿ. ಕೊನೆಗೆ ಕತ್ತರಿಸುವ ಸಾಲಿಗೆ ವ್ಯಾಕರಣ ಸರಿ ಮಾಡಿ ಏನು ಪ್ರಯೋಜನ? ಬರೆದವನನ್ನು ನಿಲ್ಲಿಸಿ, ಗಟ್ಟಿಯಾಗಿ ಓದಿಸಿ. ಫೋನಿನಲ್ಲಿ ಟೈಮರ್ ಇಡಿ.

ರಘುವಿನ ಹಾಳೆಯಲ್ಲಿ 380 ಪದಗಳಿದ್ದವು. ಓದಲು 4 ನಿಮಿಷ 45 ಸೆಕೆಂಡು ಹಿಡಿಯಿತು. ಅಂದರೆ ನಿಮಿಷಕ್ಕೆ 80 ಪದ. ಇಂಗ್ಲಿಷಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅವರು ನಾಲ್ಕು ಪದದಲ್ಲಿ ಹೇಳುವುದನ್ನು ನಾವು "ಹೋಗಬೇಕಾಗಿತ್ತಲ್ಲ" ಅಂತ ಒಂದೇ ಪದದಲ್ಲಿ ಹೇಳುತ್ತೇವೆ. ಪದ ಉದ್ದ, ಹಾಗಾಗಿ ನಿಮಿಷಕ್ಕೆ ಬೀಳುವ ಪದ ಕಡಿಮೆ. ಅದೂ ಅಂಗಡಿಯಲ್ಲಿ ನಿಂತು ಓದಿದ ವೇಗ. ಮಂಟಪದಲ್ಲಿ ಇನ್ನೂ ನಿಧಾನ ಆಗಬೇಕು. ಹಾಲ್ ದೊಡ್ಡದು, ಗೋಡೆಗೆ ಬಡಿದು ಮಾತು ಮತ್ತೆ ಕಿವಿಗೆ ಬೀಳುತ್ತದೆ. ಹಿಂದಿನ ಮಾತಿನ ಸದ್ದು ಅಡಗುವ ಮೊದಲೇ ಮುಂದಿನದು ಹೊರಟರೆ ಎರಡೂ ಕಲಸಿಹೋಗುತ್ತವೆ. ನಾನು ರಘುವಿಗೆ 65 ಪದದ ಲೆಕ್ಕ ಹಿಡಿದೆ.

ಮದುವೆ ಮನೆಯವರು ಅವನಿಗೆ ಕೊಟ್ಟಿದ್ದು ಎರಡೂವರೆ ನಿಮಿಷ. ಅದರಲ್ಲಿ ಮೈಕ್ ಈಸಿಕೊಂಡು "ಹಲೋ" ಅನ್ನುವುದಕ್ಕೆ, ಕೊನೆಯ ಚಪ್ಪಾಳೆಗೆ 20 ಸೆಕೆಂಡು ತೆಗೆಯಿರಿ. ಮೂರು ಸಲ ಜನ ನಕ್ಕರೆ ಇನ್ನೊಂದು 20 ಸೆಕೆಂಡು. ಉಳಿದದ್ದು 110 ಸೆಕೆಂಡು. 65ರ ಲೆಕ್ಕದಲ್ಲಿ 120 ಪದ ಹಿಡಿಯುತ್ತದೆ. ಅವನ ಹತ್ತಿರ ಇದ್ದಿದ್ದು 380. ಮುಖ ಸಣ್ಣ ಮಾಡಿಕೊಂಡ. "ಅಣ್ಣ, ಜಾಸ್ತಿ ಟೈಮ್ ಕೇಳಲಾ?" ಅಂದ. ಕೇಳಬೇಡ ಅಂದೆ. ಸ್ಟೇಜ್ ಹತ್ತಲು ಜನ ಉಡುಗೊರೆ ಹಿಡಿದುಕೊಂಡು ಸಾಲಲ್ಲಿ ನಿಂತಿರುತ್ತಾರೆ. ಕೆಳಗೆ ಪಂಕ್ತಿ ಶುರುವಾಗಿರುತ್ತದೆ. ಊಟದ ವಾಸನೆ ಬಂದ ಮೇಲೆ ಯಾರ ಮಾತನ್ನೂ ಯಾರೂ ಕೇಳುವುದಿಲ್ಲ.

ಕತ್ತರಿ ಎಲ್ಲಿ ಹಾಕಬೇಕು

ಮೊದಲು ಹೋಗಬೇಕಾದ್ದು ಆರಂಭದ ಸ್ವಾಗತ. "ವೇದಿಕೆಯ ಮೇಲೆ ಆಸೀನರಾಗಿರುವ ನೂತನ ವಧೂವರರೇ, ಉಭಯ ಕುಟುಂಬದ ಗುರುಹಿರಿಯರೇ" ಅಂತ ಶುರುವಾಗಿ ಆರ್ಕೆಸ್ಟ್ರಾದವರಿಗೂ ಅಡುಗೆಯವರಿಗೂ ವಂದನೆ ಸಲ್ಲಿಸಿ 60 ಪದ ಖರ್ಚಾಗಿತ್ತು. ಇದು ಶಾಲೆಯ ಸ್ವಾತಂತ್ರ್ಯ ದಿನಾಚರಣೆಯ ಅಭ್ಯಾಸ. "ಎಲ್ಲರಿಗೂ ನಮಸ್ಕಾರ" ಸಾಕು.

ಆಮೇಲೆ ಜೋಕುಗಳು. ರಘುವಿನ ಹಾಳೆಯಲ್ಲಿ ಐದು ಇದ್ದವು. "ಇವತ್ತಿಗೆ ಮಂಜನ ಸ್ವಾತಂತ್ರ್ಯ ಮುಗೀತು" ಅನ್ನುವುದು ಎಲ್ಲ ಮದುವೆಯಲ್ಲೂ ಬರುತ್ತದೆ. ಮೇಲಾಗಿ ಪಕ್ಕದಲ್ಲೇ ಕೂತ ಹುಡುಗಿಯನ್ನು ಜೈಲು ಅಂದಂತಾಗುತ್ತದೆ. ತೆಗೆದೆ. ಕೆಆರ್‌ಎಸ್ ಹಿನ್ನೀರಿನ ಹತ್ತಿರ ಹುಡುಗರು ಪಾರ್ಟಿ ಮಾಡಿದ ಕಥೆಗೆ ಒಂದು ಪ್ರಶ್ನೆ ಕೇಳಿದೆ: "ಇದನ್ನ ಮಂಜನೇ ಅವನ ಅತ್ತೆ ಮುಂದೆ ಕೂತು ಹೇಳ್ತಾನಾ?" ರಘು ತಲೆ ಕೆರೆದುಕೊಂಡ. ಅದೂ ಹೋಯಿತು. ಕಾಲೇಜಿನ ಮೇಷ್ಟ್ರೊಬ್ಬರ ಅಡ್ಡಹೆಸರಿನ ಜೋಕು ಆ ಬ್ಯಾಚಿನ ಎಂಟು ಜನಕ್ಕೆ ಮಾತ್ರ ಅರ್ಥ ಆಗುವಂಥದ್ದು. ಆ ಎಂಟು ಜನ ನಕ್ಕರೆ ಉಳಿದವರು "ಏನಂತೆ?" ಅಂತ ಪಕ್ಕದವರನ್ನು ಕೇಳುತ್ತಾರೆ. ಆ ಗುಸುಗುಸುವಿನಲ್ಲಿ ಮುಂದಿನ ಸಾಲೂ ಹೋಗುತ್ತದೆ.

ಉಳಿದದ್ದು ಎರಡು. ಗಣಿತ ಪರೀಕ್ಷೆಯದ್ದು ಚಿಕ್ಕದು, ಮದ್ದೂರು ವಡೆಯದ್ದು ದೊಡ್ಡದು. ಎರಡರಲ್ಲೂ ಮಂಜನ ಜೊತೆ ರಘುವೂ ಪೆಚ್ಚಾಗುತ್ತಾನೆ. ಮದುಮಗನನ್ನು ಮಾತ್ರ ಗೇಲಿ ಮಾಡಿದರೆ ಹೆಣ್ಣಿನ ಕಡೆಯವರು ನಗುವ ಮೊದಲು ಒಂದು ಕ್ಷಣ ಯೋಚಿಸುತ್ತಾರೆ. ಹೇಳುವವನೂ ಜೊತೆಗೆ ಬಿದ್ದರೆ ಆ ಅನುಮಾನ ಇರುವುದಿಲ್ಲ.

ಕಿವಿಗೆ ಕೇಳುವ ತಪ್ಪು, ಕೇಳದ ತಪ್ಪು

ಕರಡು ತಿದ್ದುವವನಾಗಿ ಇದನ್ನು ಹೇಳಲು ನನಗೇ ಕಷ್ಟ. ಆದರೂ ಹೇಳುತ್ತೇನೆ: ಕಾಗುಣಿತದ ತಪ್ಪನ್ನು ಬಿಟ್ಟುಬಿಡಿ. "ಹಾರ್ದಿಕ"ಕ್ಕೆ "ಹಾರ್ಧಿಕ" ಅಂತ ಬರೆದಿದ್ದರೆ ಮೈಕಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಪತ್ರಿಕೆಯಲ್ಲಾದರೆ ನಾನು ಜಗಳ ಆಡುತ್ತೇನೆ. ಇಲ್ಲಿ ಇಲ್ಲ. ಕಿವಿಗೆ ಬೀಳುವ ತಪ್ಪು ಮೂರೇ.

ಮೊದಲನೆಯದು, ಕ್ರಿಯೆ ಯಾರದ್ದು ಅನ್ನುವ ಗೊಂದಲ. ರಘು ಬರೆದದ್ದು ಹೀಗಿತ್ತು:

"ನಾವಿಬ್ಬರೂ ಬೆಂಗಳೂರಿಗೆ ಇಂಟರ್ವ್ಯೂಗೆ ಹೋಗುವಾಗ ಮದ್ದೂರಿನಲ್ಲಿ ಟ್ರೈನ್ ನಿಂತು ವಡೆ ತರಲು ಇಳಿದು ಟ್ರೈನ್ ಹೊರಟುಬಿಟ್ಟಿತು."

ಇದನ್ನು ನಿಧಾನವಾಗಿ ಇನ್ನೊಂದು ಸಲ ಓದಿ. ವಡೆ ತರಲು ಇಳಿದಿದ್ದು ಯಾರು? ಟ್ರೈನು! ಕನ್ನಡದಲ್ಲಿ "ನಿಂತು, ಇಳಿದು, ಹೋಗಿ, ಬಂದು" ಅಂತ ಸಾಲಾಗಿ ಪೋಣಿಸಿದಾಗ, ನಡುವೆ ಬೇರೆ ಹೆಸರು ಬರದಿದ್ದರೆ, ಕೇಳುವವರು ಆ ಕೆಲಸವನ್ನೆಲ್ಲ ಒಬ್ಬರ ತಲೆಗೇ ಕಟ್ಟುತ್ತಾರೆ. ಓದುವಾಗ ಹಿಂದಕ್ಕೆ ಹೋಗಿ ಸರಿ ಮಾಡಿಕೊಳ್ಳಬಹುದು. ಕೇಳುವಾಗ ಆಗುವುದಿಲ್ಲ. ಪರಿಹಾರ ಸುಲಭ: ಕೆಲಸ ಮಾಡುವವರು ಬದಲಾದ ಕಡೆ ವಾಕ್ಯ ಮುರಿಯಿರಿ.

"ಮದ್ದೂರಲ್ಲಿ ಟ್ರೈನ್ ನಿಂತಿತು. ಮಂಜ ವಡೆ ತರೋಕೆ ಇಳಿದ. ಟ್ರೈನ್ ಹೊರಟಿತು. ಮಂಜ ಹತ್ತಲಿಲ್ಲ."

ನೋಡಿ, ವ್ಯಾಕರಣ ಸರಿ ಮಾಡಿದ್ದಕ್ಕೇ ನಗು ಜಾಸ್ತಿ ಆಯಿತು. "ಮಂಜ ಹತ್ತಲಿಲ್ಲ" ಅನ್ನುವುದು ಹಾಳೆಯಲ್ಲಿ ಇರಲೇ ಇಲ್ಲ. ವಾಕ್ಯ ಮುರಿದಾಗ ತಾನಾಗಿ ಬಂತು.

ಎರಡನೆಯದು "ಅವನು". ಕಥೆಯಲ್ಲಿ ಮಂಜ, ವಡೆ ಮಾರುವವನು, ಇಂಟರ್ವ್ಯೂ ಮಾಡುವವನು ಎಲ್ಲರೂ "ಅವನು" ಆಗಿದ್ದರು. ಹೊಸ ತುಣುಕು ಶುರುವಾದಾಗಲೆಲ್ಲ ಹೆಸರು ಹಾಕಿ. ಹತ್ತಿರದಲ್ಲಿ ಬೇರೆ ಗಂಡಸು ಇಲ್ಲದ ಕಡೆ ಮಾತ್ರ "ಅವನು" ಇರಲಿ.

ಮೂರನೆಯದು ಮರ್ಯಾದೆ. ಇದು ಜಗಳಕ್ಕೆ ದಾರಿ ಮಾಡುವ ತಪ್ಪು. ಹಾಳೆಯಲ್ಲಿ ಒಂದು ಕಡೆ "ಮಂಜುನಾಥ್‌ರವರು ಇಳಿದ", ಇನ್ನೊಂದು ಕಡೆ "ಅವರಪ್ಪ ಬೈದ" ಅಂತ ಇತ್ತು. ಎರಡೂ ತಲೆಕೆಳಗು. ಗೆಳೆಯನಿಗೆ ಏಕವಚನವೇ ಸರಿ, ಆದರೆ ಅದಕ್ಕೆ ಮೊದಲೇ ಅಪ್ಪಣೆ ಪಡೆದಂತೆ ಒಂದು ಸಾಲು ಹಾಕಬೇಕು: "ಮನೆಯವರಿಗೆ ಮಂಜುನಾಥ, ನಮಗೆ ಮಂಜ." ಅಲ್ಲಿಂದ ಮುಂದೆ ಕೊನೆವರೆಗೂ ಮಂಜ, ಇಳಿದ, ಬಂದ. ಎಲ್ಲೂ ಬದಲಾಗಬಾರದು. ಅಪ್ಪ, ಅಮ್ಮ, ಅತ್ತೆ, ಮಾವ ಬಂದರೆ "ಬೈದ್ರು, ಬಂದ್ರು". ಮನೆಯ ಜಗುಲಿಯಲ್ಲಿ "ಅವರಪ್ಪ ಬೈದ" ಅಂದರೆ ನಡೆಯುತ್ತದೆ. ಮೈಕಿನಲ್ಲಿ ಅಂದರೆ ಮೂರು ವರ್ಷ ಮಾತಾಗುತ್ತದೆ. ಮದುಮಗಳು ಎಷ್ಟೇ ಪರಿಚಯದವರಾಗಿದ್ದರೂ ಅವತ್ತಿನ ಮಟ್ಟಿಗೆ "ಸಹನಾ ಅವರೇ".

ತಿದ್ದಬಾರದ ಜಾಗ

ರಘು ನನ್ನ ಹತ್ತಿರ ಬರುವ ಮೊದಲೇ ಹಾಳೆಯನ್ನು ಪರಿಚಯದ ಮೇಷ್ಟ್ರೊಬ್ಬರಿಗೆ ತೋರಿಸಿದ್ದ. ಅವರು ಕೆಂಪು ಪೆನ್ನಿನಲ್ಲಿ, ಮಂಜ ಮದ್ದೂರು ಸ್ಟೇಷನ್ನಿಂದ ಫೋನಿನಲ್ಲಿ ಹೇಳಿದ ಮಾತನ್ನು "ಚಟ್ನಿ ನೀಡುವುದು ತಡವಾಯಿತು ಕಣೋ" ಅಂತ ತಿದ್ದಿದ್ದರು. ಮಂಜ ನಿಜವಾಗಿ ಹೇಳಿದ್ದು "ಚಟ್ನಿ ಕಟ್ಟೋದು ಲೇಟಾಯ್ತು ಕನ್ಲಾ". ತಿದ್ದಿದ ಮಾತಿನಲ್ಲಿ ವ್ಯಾಕರಣ ಇದೆ, ಮಂಜ ಇಲ್ಲ.

ನಾನು ಇಟ್ಟುಕೊಂಡ ಪದ್ಧತಿ ಇದು: ಕಥೆ ಹೇಳುವವನ ಮಾತನ್ನು ತಿದ್ದಿ, ಕಥೆಯೊಳಗಿನವರ ಮಾತನ್ನು ಮುಟ್ಟಬೇಡಿ. ರಘುವಿನ ಮಾತು ತಿಳಿಯಾದ ಆಡುಗನ್ನಡದಲ್ಲಿ ಇರಲಿ, "ಇಳಿದ, ಹೊರಟ್ವಿ, ತಿಂದ್ವಿ" ಅಂತ. ಮಂಜ ಬಾಯಿ ಬಿಟ್ಟಾಗ ಮಾತ್ರ ಮಂಡ್ಯ ಬರಲಿ. ಭಾಷಣ ಪೂರ್ತಿ "ಕನ್ಲಾ, ಬಾರ್ಲಾ" ಅಂತಿದ್ದರೆ ಆ ಒಂದು ಕನ್ಲಾಕ್ಕೆ ಬೆಲೆ ಇರುವುದಿಲ್ಲ. ಪೂರ್ತಿ ಗ್ರಾಂಥಿಕ ಆಗಿದ್ದರೆ ಬೇರೆ ಯಾರೋ ಬರೆದುಕೊಟ್ಟಿದ್ದು ಅಂತ ಎರಡನೇ ಸಾಲಿಗೇ ಗೊತ್ತಾಗುತ್ತದೆ.

"ಅಂತ" ಅನ್ನುವ ಬಾಲ

ಕನ್ನಡದಲ್ಲಿ ನಗಿಸುವವರಿಗೆ ಒಂದು ವಿಶೇಷ ತೊಂದರೆ ಇದೆ. ಯಾರಾದರೂ ಹೇಳಿದ ಮಾತನ್ನು ನಾವು ಮೊದಲು ಹೇಳಿ, ಆಮೇಲೆ "ಅಂತ ಹೇಳಿದ" ಅನ್ನುತ್ತೇವೆ. ಬರವಣಿಗೆಯಲ್ಲಿ ಚೆನ್ನಾಗೇ ಇರುತ್ತದೆ. ಸ್ಟೇಜ್ ಮೇಲೆ ಏನಾಗುತ್ತದೆ ನೋಡಿ:

"ಆಮೇಲೆ ಅವನು ಫೋನ್ ಮಾಡಿ ಚಟ್ನಿ ಕಟ್ಟೋದು ಲೇಟಾಯ್ತು ಕನ್ಲಾ ಅಂತ ನನಗೆ ಹೇಳಿದನು."

ನಗು ಬರುವುದು "ಕನ್ಲಾ" ಹತ್ತಿರ. ಆದರೆ ವಾಕ್ಯ ಮುಗಿದಿಲ್ಲ. ಇನ್ನೂ ಮೂರು ಪದ ಇವೆ. ಜನ ನಗಲು ಬಾಯಿ ತೆರೆದಾಗ ಹೇಳುವವನು ಇನ್ನೂ ಮಾತಾಡುತ್ತಿರುತ್ತಾನೆ. ಮರ್ಯಾದಸ್ಥರು ನಗು ನುಂಗಿಕೊಂಡು ಕೇಳುತ್ತಾರೆ. ಅವನು ನಿಲ್ಲಿಸುವಷ್ಟರಲ್ಲಿ ನಗು ಆರಿರುತ್ತದೆ. "ಜೋಕು ಚೆನ್ನಾಗಿತ್ತು, ಯಾಕೋ ಯಾರೂ ನಗಲಿಲ್ಲ" ಅನ್ನುವವರ ಹಾಳೆ ನೋಡಿ, ಬಹಳ ಸಲ ಈ ಬಾಲವೇ ಇರುತ್ತದೆ.

ಹೇಳಿದವನನ್ನು ಮುಂದಕ್ಕೆ ತನ್ನಿ, ಮಾತನ್ನು ಕೊನೆಗೆ ಬಿಡಿ:

"ಅವನು ಹೇಳಿದ್ದು ಒಂದೇ ಮಾತು: ಚಟ್ನಿ ಕಟ್ಟೋದು ಲೇಟಾಯ್ತು ಕನ್ಲಾ."

ಗಣಿತದ ಜೋಕಿಗೂ ಇದೇ ರೋಗ. "ನನ್ನ ಪೇಪರ್ ನೋಡಿ ಬರೆದ ಅವನು ಪಾಸಾಗಿ ನಾನು ಫೇಲಾಗಿದ್ದು ನನಗೆ ಇವತ್ತಿಗೂ ಆಶ್ಚರ್ಯ" ಅಂತ ಇತ್ತು. ಆಶ್ಚರ್ಯವನ್ನು ಜನ ಪಡಬೇಕು, ನಾವು ಹೇಳಬಾರದು. "ಮಂಜ ನನ್ನ ಪೇಪರ್ ನೋಡಿ ಬರೆದ. ಅವನು ಪಾಸ್. ನಾನು ಫೇಲ್." ಫೇಲ್ ಆದ ಮೇಲೆ ಒಂದಕ್ಷರವೂ ಬೇಡ.

ಏನೂ ಗೊತ್ತಿಲ್ಲದ ಒಬ್ಬರಿಗೆ ಓದಿ ತೋರಿಸಿ

ಇಷ್ಟಾದ ಮೇಲೆ ಆ ಗುಂಪಿನ ಪರಿಚಯವೇ ಇಲ್ಲದವರೊಬ್ಬರನ್ನು ಕೂರಿಸಿ ಓದಿಸಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಅವರು ಏನು ಪ್ರಶ್ನೆ ಕೇಳುತ್ತಾರೆ ಅಂತ ಕಾಯಿರಿ.

ನಮ್ಮಲ್ಲಿ ಕೇಳಿದ್ದು ನನ್ನ ಹೆಂಡತಿ. ಊಟದ ಡಬ್ಬಿ ಕೊಡಲು ಬಂದವಳು ನಿಂತು ಪೂರ್ತಿ ಕೇಳಿದಳು. ಚಟ್ನಿಗೆ ನಕ್ಕಳು. ಆಮೇಲೆ "ಇಂಟರ್ವ್ಯೂ ದಿನ ಅಷ್ಟು ಅರ್ಜೆಂಟಾಗಿ ವಡೆ ಯಾಕಪ್ಪಾ ಬೇಕಿತ್ತು ಅವನಿಗೆ?" ಅಂದಳು. ಮದ್ದೂರಲ್ಲಿ ವಡೆ ಟ್ರೈನ್ ಒಳಗೇ ಮಾರಿಕೊಂಡು ಬರುತ್ತಾರಲ್ಲ ಅಂತಲೂ ಸೇರಿಸಿದಳು.

ರಘು ಸುಮ್ಮನಾದ. ಆಮೇಲೆ ಹೇಳಿದ. "ಅವತ್ತು ನಾನು ಭಯಕ್ಕೆ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ ಅಕ್ಕ. ಮಾರುವವರು ನಮ್ಮ ಬೋಗಿಗೆ ಬರೋದು ಲೇಟು ಅಂತ ಇಳಿದ. ನನಗೇ ತರೋಕೆ ಇಳಿದಿದ್ದು."

ಇದು ಅವನ 380 ಪದಗಳಲ್ಲಿ ಎಲ್ಲೂ ಇರಲಿಲ್ಲ! ಅದರ ಬದಲು ಕೊನೆಯಲ್ಲಿ "ಸ್ನೇಹಕ್ಕೆ ಇನ್ನೊಂದು ಹೆಸರೇ ಮಂಜ, ಅವನು ಚಿನ್ನದಂಥ ಮನುಷ್ಯ" ಅಂತ 50 ಪದ ಬರೆದಿದ್ದ. ಆ 50 ಹೊಡೆದು ಹಾಕಿ ಈ ಸಂಗತಿಯನ್ನು 12 ಪದದಲ್ಲಿ ಹಾಕಿದೆವು. ಹೊಗಳಿಕೆಯ ಪದ ಕಂಡ ಕಡೆಯಲ್ಲೆಲ್ಲ "ಯಾವಾಗ? ಏನು ಮಾಡಿದ?" ಅಂತ ಕೇಳಿ. ಉತ್ತರ ಬಂದರೆ ಅದನ್ನು ಬರೆಯಿರಿ. ಬರದಿದ್ದರೆ ಆ ಪದ ತೆಗೆಯಿರಿ.

ಕೊನೆಗೆ ಉಳಿದದ್ದು

ಪೂರ್ತಿ ಮಾತು ಹೀಗಾಯಿತು. ಒಂದು ಗೀಟು ಇರುವ ಕಡೆ ಉಸಿರು, ಎರಡು ಗೀಟು ಇರುವ ಕಡೆ ನಗುವಿಗೆ ಕಾಯುವುದು.

ಎಲ್ಲರಿಗೂ ನಮಸ್ಕಾರ. | ನಾನು ರಘು. ಮನೆಯವರಿಗೆ ಮಂಜುನಾಥ, ನಮಗೆ ಮಂಜ. |

ನಾವಿಬ್ಬರೂ ಐದನೇ ಕ್ಲಾಸಿಂದ ಒಂದೇ ಬೆಂಚು. ಗಣಿತ ಪರೀಕ್ಷೆಯಲ್ಲಿ ಮಂಜ ನನ್ನ ಪೇಪರ್ ನೋಡಿ ಬರೆದ. | ಅವನು ಪಾಸ್. | ನಾನು ಫೇಲ್. ||

ಡಿಗ್ರಿ ಮುಗೀತು. ಇಬ್ಬರೂ ಬೆಂಗಳೂರಿಗೆ ಇಂಟರ್ವ್ಯೂಗೆ ಹೊರಟ್ವಿ. ಮದ್ದೂರಲ್ಲಿ ಟ್ರೈನ್ ನಿಂತಿತು. ಮಂಜ ವಡೆ ತರೋಕೆ ಇಳಿದ. | ಟ್ರೈನ್ ಹೊರಟಿತು. | ಮಂಜ ಹತ್ತಲಿಲ್ಲ. | ಅವನ ಸರ್ಟಿಫಿಕೇಟೆಲ್ಲ ನನ್ನ ಬ್ಯಾಗಲ್ಲಿ. |

ಐದು ನಿಮಿಷಕ್ಕೆ ಫೋನ್ ಬಂತು. ಅಳ್ತಾನೇನೋ ಅಂದ್ಕೊಂಡೆ. ಅವನು ಹೇಳಿದ್ದು ಒಂದೇ ಮಾತು: | ಚಟ್ನಿ ಕಟ್ಟೋದು ಲೇಟಾಯ್ತು ಕನ್ಲಾ. ||

ಮಂಜ ಮುಂದಿನ ಟ್ರೈನಿಗೆ ಬಂದ. ಅಷ್ಟೊತ್ತಿಗೆ ಇಂಟರ್ವ್ಯೂ ಮುಗಿದಿತ್ತು. ಕೆಲಸ ನನಗೂ ಸಿಗಲಿಲ್ಲ. ಸ್ಟೇಷನ್ ಬೆಂಚಿನ ಮೇಲೆ ಕೂತು ಇಬ್ಬರೂ ವಡೆ ತಿಂದ್ವಿ. |

ಅವತ್ತು ಬೆಳಗ್ಗೆ ನಾನು ತಿಂಡಿ ತಿಂದಿರಲಿಲ್ಲ. ಭಯ. ಅದು ಮಂಜನಿಗೆ ಗೊತ್ತಿತ್ತು. | ಅವನು ಇಳಿದಿದ್ದು ನನಗೋಸ್ಕರ. |

ಸಹನಾ ಅವರೇ, ಮಂಜ ಎಲ್ಲಾದರೂ ದಿಢೀರ್ ಅಂತ ಇಳಿದು ಹೋದರೆ ಗಾಬರಿಯಾಗಬೇಡಿ. ಏನೋ ತಿನ್ನೋಕೆ ತರೋಕೆ ಹೋಗಿರ್ತಾನೆ. | ನಿಮಗೇ. ||

ಇಬ್ಬರೂ ನೂರು ಕಾಲ ಚೆನ್ನಾಗಿರಿ.

ಎಣಿಸಿದರೆ 105ರ ಆಸುಪಾಸು. ಲೆಕ್ಕಕ್ಕಿಂತ ಕಡಿಮೆಯೇ ಆಯಿತು. ಆ ಜಾಗ ಹಾಗೇ ಇರಲಿ, ನಗು ಉದ್ದವಾದರೆ ಬೇಕಾಗುತ್ತದೆ.

ಕೈಯಲ್ಲಿ ಏನು ಹಿಡಿಯಬೇಕು, ಎಲ್ಲಿ ಕಾಯಬೇಕು

ಫೋನ್ ನೋಡಿ ಓದಬೇಡಿ. ಸ್ಕ್ರೀನ್ ಆರುತ್ತದೆ, ಇಲ್ಲ ಅದೇ ಹೊತ್ತಿಗೆ ಯಾರಾದರೂ ಮಂಟಪದ ದಾರಿ ಕೇಳಲು ಫೋನ್ ಮಾಡುತ್ತಾರೆ. ತೆಳು ಹಾಳೆಯೂ ಬೇಡ, ಕೈ ನಡುಗಿದರೆ ಹಾಳೆಯೂ ನಡುಗಿ ಎಲ್ಲರಿಗೂ ಕಾಣುತ್ತದೆ. ನಾನು ಪತ್ರಿಕೆಗೆ ಬಳಸುವ ದಪ್ಪ ಕಾರ್ಡಿನ ಎರಡು ತುಂಡಿನ ಮೇಲೆ ದೊಡ್ಡ ಅಕ್ಷರದಲ್ಲಿ, ಒಂದು ಸಾಲಿಗೆ ಒಂದೇ ವಾಕ್ಯ ಬರುವಂತೆ ಮಾಡಿಕೊಟ್ಟೆ. ಗಣಿತದ ಜೋಕಿನ ಸುತ್ತ ಒಂದು ಚೌಕ ಹಾಕಿದೆ. ಮನೆಯವರು ಬೇಗ ಮುಗಿಸು ಅಂತ ಸನ್ನೆ ಮಾಡಿದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಬಹುದು, ಕಥೆ ಎಲ್ಲೂ ಹರಿಯುವುದಿಲ್ಲ.

ನಗುವಿಗೆ ಕಾಯುವುದು ಅಂದರೆ ಎಷ್ಟು ಹೊತ್ತು? ಪೂರ್ತಿ ನಿಲ್ಲುವವರೆಗೆ ಅಲ್ಲ. ನಗು ಮೇಲೇರಿ ಇಳಿಯಲು ಶುರುವಾದ ಕೂಡಲೇ ಮುಂದಿನ ಸಾಲು. ಮಂಟಪದಲ್ಲಿ ಮುಂದಿನ ಸಾಲಿನವರು ಮೊದಲು ನಗುತ್ತಾರೆ, ಹಿಂದಿನವರು ಅವರನ್ನು ನೋಡಿ ನಗುತ್ತಾರೆ. ಹಾಗಾಗಿ ಮೊದಲ ನಗು ಸ್ವಲ್ಪ ತಡ. ಅಲ್ಲಿ ಹೆದರಿ ಓಡಬೇಡಿ. ಮನಸ್ಸಿನಲ್ಲೇ ಎರಡು ಎಣಿಸಿ. ನಗು ಬರಲೇ ಇಲ್ಲವಾ? ಜೋಕನ್ನು ಬಿಡಿಸಿ ಹೇಳಲು ಹೋಗಬೇಡಿ. ಮುಂದಿನ ಸಾಲು "ಡಿಗ್ರಿ ಮುಗೀತು". ಯಾರೂ ನಗದಿದ್ದರೂ ಡಿಗ್ರಿ ಮುಗಿಯುತ್ತದೆ.

ಅವತ್ತು ಆರತಕ್ಷತೆಗೆ ನಾನೂ ಹೋಗಿದ್ದೆ. "ಫೇಲ್" ಅಂದಾಗ ಹುಡುಗರಷ್ಟೇ ನಕ್ಕರು. "ಕನ್ಲಾ"ಗೆ ಇಡೀ ಮಂಟಪ ನಕ್ಕಿತು. "ನಿಮಗೇ" ಅಂದಾಗ ಸಹನಾ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕರು, ಚಪ್ಪಾಳೆ ಜೋರಾಯಿತು, ರಘು ಕೊನೆಯ ಸಾಲು ಮರೆತು ಮೈಕ್ ಕೊಟ್ಟು ಇಳಿದೇಬಿಟ್ಟ. ಯಾರಿಗೂ ಗೊತ್ತಾಗಲಿಲ್ಲ. ಬೀಗರೂಟದ ದಿನ ಮಂಜನ ಅವ್ವ ರಘುವನ್ನು ಎಲೆ ಮುಂದೆ ಹಿಡಿದು ಕೇಳಿದರಂತೆ: "ಅಲ್ಲ ಕಣಪ್ಪ, ಅವತ್ತು ಮನೇಗೆ ಒಂದ್ ವಡೆನಾದ್ರೂ ತರಬೌದಾಗಿತ್ತಲ್ಲ?"